ಮಾರ್ಚ್ 31ರ ದೊಡ್ಡ ಜೆವಿಗೆ ಆಡಿಟರ್ ವಿವರಣೆ ಕೇಳಿದಾಗ

ಪ್ರಶ್ನೆ: ನಮ್ಮದು ವಾಹನದ ಬಿಡಿಭಾಗ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ. ಗ್ರಾಹಕರು ಜನವರಿಯಿಂದಲೇ ಅನ್ವಯ ಆಗುವಂತೆ ದರ ಇಳಿಸಿದ್ದಾರೆ. ಅದಕ್ಕೆ ಮಾರ್ಚ್ 31ರ ತಾರೀಖಿನಲ್ಲಿ ₹50 ಲಕ್ಷದ ಜೆವಿ ಹಾಕಿದ್ದೇವೆ. ಆಡಿಟರ್ ಪತ್ರದ ಮೂಲಕ ವಿವರಣೆ ಕೊಡಿ ಅಂತಿದ್ದಾರೆ. ಏನೇನು ಬರೆಯಬೇಕು?

ಉತ್ತರ:

ನಾನು ಪೀಣ್ಯದ ಒಂದು ಅಲ್ಯೂಮಿನಿಯಂ ಡೈ-ಕಾಸ್ಟಿಂಗ್ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದರ ವ್ಯತ್ಯಾಸದ ಜೆವಿ ನಮ್ಮಲ್ಲಿ ಪ್ರತಿ ಮಾರ್ಚ್‌ನಲ್ಲೂ ಇದ್ದದ್ದೇ. ಈ ಪತ್ರ ಮುಖ್ಯವಾಗಿ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು: ಮಾರ್ಚ್ 31ಕ್ಕೆ ಈ ಹಣ ನೀವು ಗ್ರಾಹಕರಿಗೆ ಕೊಡಬೇಕಾಗಿತ್ತೋ ಇಲ್ಲವೋ?

ಆಡಿಟರ್ ಕೇಳಿದ್ದಾರೆ ಅಂದ ಕೂಡಲೇ ನಿಮ್ಮ ಮೇಲೆ ಅನುಮಾನ ಅಂತ ಅಂದುಕೊಳ್ಳಬೇಡಿ. ಎಸ್ಎ 240 ಎನ್ನುವ ಆಡಿಟಿಂಗ್ ಮಾನದಂಡದ ಪ್ರಕಾರ ಅವರು ಜರ್ನಲ್ ಎಂಟ್ರಿಗಳನ್ನು ಪರೀಕ್ಷೆ ಮಾಡಲೇಬೇಕು. ಯಾವುದನ್ನು ಆರಿಸಬೇಕು ಅಂತಲೂ ಅದರಲ್ಲಿ ಸುಳಿವುಗಳಿವೆ. ವರ್ಷದ ಕೊನೆಗೆ ಅಥವಾ ಲೆಕ್ಕ ಮುಗಿದ ಮೇಲೆ ಬಂದದ್ದು, ವಿವರಣೆ ಇಲ್ಲದ್ದು, ಅಪರೂಪಕ್ಕೆ ಬಳಸುವ ಖಾತೆಯದ್ದು, ಸಾಮಾನ್ಯವಾಗಿ ಜೆವಿ ಹಾಕದ ವ್ಯಕ್ತಿ ಹಾಕಿದ್ದು, ಕೊನೆಯಲ್ಲಿ ಬರೀ ಸೊನ್ನೆಗಳಿರುವ ಮೊತ್ತದ್ದು. ನಿಮ್ಮ ₹50,00,000 ಇದರಲ್ಲಿ ಕನಿಷ್ಠ ಎರಡಕ್ಕಾದರೂ ಸಿಕ್ಕಿಬೀಳುತ್ತದೆ, ಅಲ್ವಾ? ಜೊತೆಗೆ ಇದು ಲಾಭವನ್ನೂ, ಅದರಿಂದ ತೆರಿಗೆಯನ್ನೂ ಇಳಿಸುವ ಎಂಟ್ರಿ.

ತಾರೀಖಿನ ವಿಷಯವನ್ನು ಮೊದಲೇ ನೇರವಾಗಿ ಹೇಳಿಬಿಡಿ. ವೋಚರ್ ಮೇಲೆ ಮಾರ್ಚ್ 31 ಇದ್ದರೂ ನೀವು ಅದನ್ನು ಏಪ್ರಿಲ್‌ನಲ್ಲೇ ಹಾಕಿರುತ್ತೀರಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಇರಲೇಬೇಕು, ಅದನ್ನು ಆಫ್ ಮಾಡುವ ಹಾಗಿಲ್ಲ. ಎಂಟ್ರಿ ನಿಜವಾಗಿ ಯಾವತ್ತು ಆಯಿತು, ಯಾರ ಲಾಗಿನ್‌ನಿಂದ ಆಯಿತು ಅನ್ನೋದು ಆಡಿಟರ್ ಕೈಯಲ್ಲಿ ಆಗಲೇ ಇದೆ. ಏಪ್ರಿಲ್‌ನಲ್ಲಿ ಹಾಕಿದ್ದು ತಪ್ಪೇನಲ್ಲ. ಪತ್ರದಲ್ಲಿ ಅದನ್ನು ಹೇಳದೆ ಬಿಟ್ಟರೆ ಮಾತ್ರ ಸುಮ್ನೆ ಇನ್ನೊಂದು ಪ್ರಶ್ನೆ ಬರುತ್ತದೆ.

ಈಗ ಮುಖ್ಯ ವಿಷಯ. ಲೆಕ್ಕದ ಮಾನದಂಡ ಎಎಸ್ 4 ಹೇಳುವುದು ಇಷ್ಟು: ಮಾರ್ಚ್ 31ಕ್ಕೆ ಇದ್ದ ಪರಿಸ್ಥಿತಿಗೆ ಆಮೇಲೆ ಪುರಾವೆ ಸಿಕ್ಕಿದರೆ ಆ ವರ್ಷದ ಲೆಕ್ಕವನ್ನೇ ತಿದ್ದಬೇಕು. ಪರಿಸ್ಥಿತಿಯೇ ಆಮೇಲೆ ಹುಟ್ಟಿದ್ದಾದರೆ ತಿದ್ದಬಾರದು. ಹಾಗಾಗಿ ನಿಮ್ಮ ಗ್ರಾಹಕರ ದರ ಇಳಿಕೆ ಎಲ್ಲಿಂದ ಬಂತು ಅಂತ ನೋಡಿ. ಮೂಲ ಒಪ್ಪಂದದಲ್ಲೇ "ಲೋಹದ ಬೆಲೆಗೆ ತಕ್ಕಂತೆ ಪ್ರತಿ ತ್ರೈಮಾಸಿಕ ದರ ಬದಲಾಗುತ್ತದೆ" ಅಂತ ಇದ್ದರೆ, ಜನವರಿಯಿಂದ ಮಾರ್ಚ್‌ವರೆಗೆ ನೀವು ಬಿಲ್ ಮಾಡಿದ್ದು ತಾತ್ಕಾಲಿಕ ದರಕ್ಕೆ. ಸರಕು ಹೋದಾಗಲೇ ಹೊಣೆ ಹುಟ್ಟಿದೆ, ಏಪ್ರಿಲ್‌ನ ಪತ್ರ ಬರೀ ಅಂಕಿ ಹೇಳಿತು ಅಷ್ಟೇ. ಹಾಗಲ್ಲದೆ, ಗ್ರಾಹಕರು ಏಪ್ರಿಲ್‌ನಲ್ಲಿ ಕೂತು ಚೌಕಾಶಿ ಮಾಡಿ, ಮುಂದಿನ ಆರ್ಡರ್ ಬೇಕಾದರೆ ಹಳೇ ಸರಕಿಗೂ ಇಷ್ಟು ಬಿಡಿ ಅಂದಿದ್ದರೆ? ಆಗ ಅದು ಏಪ್ರಿಲ್‌ನ ಒಪ್ಪಂದ, ಹೊಸ ವರ್ಷದ ಲೆಕ್ಕ. ಅಂಥ ಎಂಟ್ರಿಯನ್ನು ಎಷ್ಟು ಚೆನ್ನಾಗಿ ಪತ್ರ ಬರೆದರೂ ಉಳಿಸಿಕೊಳ್ಳೋದು ಕಷ್ಟ.

ನಾವು ಕೊಟ್ಟ ಪತ್ರದ ಮಾದರಿ ಕೆಳಗಿದೆ. ಅಂಕಿಗಳನ್ನು ಬದಲಾಯಿಸಿದ್ದೇನೆ. ನೀವು ಕೊಡುವುದು ಇಂಗ್ಲಿಷ್‌ನಲ್ಲೇ ಇರುತ್ತದೆ, ಆದರೂ ಕ್ರಮ ಹೀಗೇ ಇರಲಿ.

> ಮಾನ್ಯರೇ,
>
> ವಿಷಯ: ಜೆವಿ 412, ಮಾರ್ಚ್ 31, ₹49,36,400
>
> ಈ ಜೆವಿಯಲ್ಲಿ "ಮಾರಾಟ – ದರ ವ್ಯತ್ಯಾಸ" ಖಾತೆಗೆ ₹49,36,400 ಡೆಬಿಟ್ ಮಾಡಿ, "ದರ ವ್ಯತ್ಯಾಸದ ಪ್ರಾವಿಷನ್" ಖಾತೆಗೆ ಅಷ್ಟೇ ಮೊತ್ತ ಕ್ರೆಡಿಟ್ ಮಾಡಲಾಗಿದೆ. ಸಾಫ್ಟ್‌ವೇರ್‌ನಲ್ಲಿ ಇದನ್ನು ಏಪ್ರಿಲ್ 21ರಂದು ಅಕೌಂಟ್ಸ್ ಮ್ಯಾನೇಜರ್ ನಮೂದಿಸಿದ್ದಾರೆ. ಅದೇ ದಿನ ಫೈನಾನ್ಸ್ ಮುಖ್ಯಸ್ಥರು ಒಪ್ಪಿಗೆ ಕೊಟ್ಟಿದ್ದಾರೆ. ಒಪ್ಪಿಗೆಯ ಇಮೇಲ್ ಲಗತ್ತಿಸಿದೆ.
>
> ಗ್ರಾಹಕರೊಂದಿಗಿನ ದರ ಒಪ್ಪಂದದ ಪ್ರಕಾರ ಬಿಡಿಭಾಗದಲ್ಲಿರುವ ಅಲ್ಯೂಮಿನಿಯಂನ ಬೆಲೆಯನ್ನು ಪ್ರತಿ ತ್ರೈಮಾಸಿಕ ಪರಿಷ್ಕರಿಸಲಾಗುತ್ತದೆ. ಪರಿಷ್ಕೃತ ದರ ಆ ತ್ರೈಮಾಸಿಕದ ಮೊದಲ ದಿನದಿಂದಲೇ ಅನ್ವಯಿಸುತ್ತದೆ. ಹೊಸ ದರದ ಪತ್ರ ಬರುವವರೆಗೆ ಹಳೆಯ ದರದಲ್ಲೇ ಬಿಲ್ ಮಾಡುತ್ತೇವೆ. ಜನವರಿ–ಮಾರ್ಚ್ ಅವಧಿಯ ಪರ್ಚೇಸ್ ಆರ್ಡರ್ ತಿದ್ದುಪಡಿ ಏಪ್ರಿಲ್ 16ರಂದು ಬಂದಿದೆ. ಅದರಂತೆ ಲೋಹದ ಬೆಲೆ ಕೆಜಿಗೆ ₹20 ಇಳಿದಿದೆ. ಮೊದಲ ಮೂರು ತ್ರೈಮಾಸಿಕಗಳ ವ್ಯತ್ಯಾಸಕ್ಕೆ ವರ್ಷದೊಳಗೇ ಕ್ರೆಡಿಟ್ ನೋಟ್ ಕೊಟ್ಟಾಗಿದೆ. ಆದ್ದರಿಂದ ವರ್ಷಾಂತ್ಯದಲ್ಲಿ ಉಳಿದದ್ದು ಈ ಒಂದು ತ್ರೈಮಾಸಿಕ ಮಾತ್ರ.
>
> ಲೆಕ್ಕ ಹೀಗಿದೆ. ಹೌಸಿಂಗ್ (700 ಗ್ರಾಂ): 1,77,600 ತುಂಡು, ತಲಾ ₹14, ಒಟ್ಟು ₹24,86,400. ಕವರ್ (1.1 ಕೆಜಿ): 95,000 ತುಂಡು, ತಲಾ ₹22, ಒಟ್ಟು ₹20,90,000. ಬ್ರಾಕೆಟ್ (450 ಗ್ರಾಂ): 40,000 ತುಂಡು, ತಲಾ ₹9, ಒಟ್ಟು ₹3,60,000. ಹೌಸಿಂಗ್‌ನ ಬಿಲ್ ಪ್ರಮಾಣ 1,80,000. ಅದರಲ್ಲಿ ವಾಪಸ್ ಬಂದು ಹಳೆಯ ದರದಲ್ಲೇ ಪೂರ್ತಿ ಕ್ರೆಡಿಟ್ ಕೊಟ್ಟ 2,400 ತುಂಡುಗಳನ್ನು ಕಳೆದಿದ್ದೇವೆ.
>
> ಈ ಮೊತ್ತದಲ್ಲಿ ಜಿಎಸ್‌ಟಿ ಸೇರಿಲ್ಲ. ಕ್ರೆಡಿಟ್ ನೋಟ್ ಕೊಡುವ ತಿಂಗಳ ರಿಟರ್ನ್‌ನಲ್ಲಿ ತೆರಿಗೆ ಇಳಿಕೆ ತೋರಿಸುತ್ತೇವೆ. ಕ್ರೆಡಿಟ್ ನೋಟ್‌ಗಳನ್ನು ಪ್ರಾವಿಷನ್ ಖಾತೆಗೇ ಡೆಬಿಟ್ ಮಾಡುತ್ತೇವೆ, ಹೊಸ ವರ್ಷದ ಮಾರಾಟಕ್ಕಲ್ಲ.
>
> ಕಳೆದ ವರ್ಷ ಮಾರ್ಚ್ 31ರಂದು ಇದೇ ರೀತಿ ₹11,28,000 ಪ್ರಾವಿಷನ್ ಮಾಡಿದ್ದೆವು. ನಂತರ ಕೊಟ್ಟ ಕ್ರೆಡಿಟ್ ನೋಟ್ ₹11,15,500. ಉಳಿದ ₹12,500 ಈ ವರ್ಷ ವಾಪಸ್ ತೆಗೆದುಕೊಂಡಿದ್ದೇವೆ.
>
> ಲಗತ್ತು: ದರ ಒಪ್ಪಂದ, ಏಪ್ರಿಲ್ 16ರ ತಿದ್ದುಪಡಿ, ಬಿಲ್‌ವಾರು ಪಟ್ಟಿ, ವಾಪಸಾತಿಯ ಕ್ರೆಡಿಟ್ ನೋಟ್‌ಗಳು, ಒಪ್ಪಿಗೆಯ ಇಮೇಲ್.

ಗ್ರಾಂ ಲೆಕ್ಕವನ್ನು ಬೇಕೆಂತಲೇ ಹಾಕಿದ್ದು. ₹14 ಎಲ್ಲಿಂದ ಬಂತು ಅಂತ ಕೇಳುವ ಮೊದಲೇ ಆಡಿಟರ್ 0.7 ಕೆಜಿಯನ್ನು ₹20ರಿಂದ ಗುಣಿಸಿ ನೋಡಿಕೊಳ್ಳಬಹುದು. ವಾಪಸ್ ಬಂದ 2,400ರ ಕಥೆಯೂ ಹಾಗೇ. ಮಾರಾಟದ ರಿಜಿಸ್ಟರ್‌ನಲ್ಲಿ 1,80,000 ಇದೆ, ನಿಮ್ಮ ಪತ್ರದಲ್ಲಿ ಕಡಿಮೆ ಇದೆ ಅಂದರೆ ಅವರು ಮೊದಲು ನಿಲ್ಲುವುದೇ ಅಲ್ಲಿ. ಆ ತುಂಡುಗಳಿಗೆ ಪೂರ್ತಿ ಹಣ ವಾಪಸ್ ಕೊಟ್ಟಾಗಿದೆ, ಮತ್ತೆ ದರ ವ್ಯತ್ಯಾಸ ಕೊಡುವ ಮಾತೇ ಇಲ್ಲ.

ಮಾರಾಟದಿಂದಲೇ ಕಳೆಯಿರಿ, ಖರ್ಚಿನ ಖಾತೆಗೆ ಹಾಕಬೇಡಿ. ಇದು ರಿಯಾಯಿತಿಗೆ ಮಾಡಿದ ಖರ್ಚಲ್ಲ, ಮಾರಾಟದ ದರವೇ ಕಡಿಮೆ ಆದದ್ದು. ಕೆಲವರು "ಇತರೆ ಖರ್ಚು" ಅಂತ ಹಾಕಿ, ಮಾರಾಟದ ಮೊತ್ತ ದೊಡ್ಡದಾಗಿ ಕಾಣುವಂತೆ ಮಾಡುತ್ತಾರೆ. ಬ್ಯಾಂಕ್‌ಗೆ ಚೆನ್ನಾಗಿ ಕಾಣಬಹುದು, ಆಡಿಟರ್ ಒಪ್ಪುವುದಿಲ್ಲ.

ಕಳೆದ ವರ್ಷದ ಪ್ಯಾರಾ ನನ್ನ ಪ್ರಕಾರ ಇಡೀ ಪತ್ರದಲ್ಲೇ ಜಾಸ್ತಿ ಕೆಲಸ ಮಾಡುವ ಭಾಗ. ಹೋದ ಸಲದ ಅಂದಾಜು ನಿಜಕ್ಕೆ ಎಷ್ಟು ಹತ್ತಿರ ಇತ್ತು ಅಂತ ಆಡಿಟರ್ ಹೇಗೂ ನೋಡುತ್ತಾರೆ. ಇಲ್ಲಿ ಇನ್ನೊಂದು ತೊಡಕಿದೆ. ನೀವು ಹೋದ ಮಾರ್ಚ್‌ನಲ್ಲಿ ಪ್ರಾವಿಷನ್ ಮಾಡದೆ, ಆ ತ್ರೈಮಾಸಿಕದ ವ್ಯತ್ಯಾಸವನ್ನು ಏಪ್ರಿಲ್‌ನಲ್ಲಿ ತೆಗೆದುಕೊಂಡಿದ್ದರೆ, ಈ ವರ್ಷದ ಲೆಕ್ಕದಲ್ಲಿ ಐದು ತ್ರೈಮಾಸಿಕಗಳ ವ್ಯತ್ಯಾಸ ಕೂತಿದೆ. ಈ ವರ್ಷದ ಎಂಟ್ರಿ ಸರಿಯೇ, ಹೋದ ವರ್ಷದ ಬಾಕಿ ಎಎಸ್ 5ರ ಪ್ರಕಾರ ಹಿಂದಿನ ಅವಧಿಯ ಐಟಂ ಆಗುತ್ತದೆಯೇ ಅಂತ ಅವರ ಜೊತೆ ಕೂತು ತೀರ್ಮಾನಿಸಬೇಕು. ಪತ್ರದಲ್ಲಿ ನೀವೇ ಹೇಳಿ.

ಜಿಎಸ್‌ಟಿ ಬಗ್ಗೆ ಒಂದು ಗಡುವು ಇದೆ. ಸೆಕ್ಷನ್ 34ರ ಕ್ರೆಡಿಟ್ ನೋಟ್‌ನಿಂದ ತೆರಿಗೆ ಇಳಿಸಿಕೊಳ್ಳಬೇಕಾದರೆ, ಸರಕು ಹೋದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದರೊಳಗೆ ಅದನ್ನು ರಿಟರ್ನ್‌ನಲ್ಲಿ ತೋರಿಸಬೇಕು. ಲೆಕ್ಕದ ಪುಸ್ತಕದಲ್ಲಿ ಮಾರಾಟ ಈ ವರ್ಷ ಇಳಿಯುತ್ತದೆ, ರಿಟರ್ನ್‌ನ ಮಾರಾಟ ಮುಂದಿನ ವರ್ಷ ಇಳಿಯುತ್ತದೆ. ವಾರ್ಷಿಕ ಹೊಂದಾಣಿಕೆಯಲ್ಲಿ ಇದೇ ₹49 ಲಕ್ಷ ಮತ್ತೆ ತಲೆ ಎತ್ತುತ್ತದೆ. ಪತ್ರದ ಪ್ರತಿ ಜಿಎಸ್‌ಟಿ ಫೈಲಿನಲ್ಲೂ ಇರಲಿ.

ಪತ್ರ ಕೊಟ್ಟ ಮೇಲೆ ಬರುವ ಪ್ರಶ್ನೆಗಳಲ್ಲಿ ಒಂದನ್ನು ಈಗಲೇ ಹೇಳುತ್ತೇನೆ: "ಹಾಗಾದರೆ ಸ್ಟಾಕ್?" ಮಾರ್ಚ್ 31ಕ್ಕೆ ಗೋಡೌನಿನಲ್ಲಿದ್ದ ಸಿದ್ಧ ಸರಕೂ ಇನ್ನು ಇಳಿದ ದರಕ್ಕೇ ಹೋಗಬೇಕು. ಸ್ಟಾಕನ್ನು ತಯಾರಿಕೆಯ ವೆಚ್ಚ ಮತ್ತು ಮಾರಿದರೆ ಕೈಗೆ ಬರುವ ಹಣ, ಇವೆರಡರಲ್ಲಿ ಕಡಿಮೆ ಇರುವುದಕ್ಕೆ ಬರೆಯಬೇಕು. ನಮ್ಮ ಹೌಸಿಂಗ್‌ನ ವೆಚ್ಚ ₹171, ದರ ₹198ರಿಂದ ₹184ಕ್ಕೆ ಇಳಿಯಿತು, ಸಾಗಣೆ ಖರ್ಚು ಕಳೆದರೂ ತೊಂದರೆ ಇರಲಿಲ್ಲ. ನಿಮ್ಮ ಹೊಸ ದರ ವೆಚ್ಚಕ್ಕಿಂತ ಕೆಳಗೆ ಹೋಗಿದ್ದರೆ ಸ್ಟಾಕಿನ ಬೆಲೆಯನ್ನೂ ಇಳಿಸುವ ಇನ್ನೊಂದು ಎಂಟ್ರಿ ಬೇಕಾಗುತ್ತದೆ. ಕಚ್ಚಾ ಲೋಹ ಕೊಟ್ಟವರಿಂದ ನಿಮಗೂ ದರ ಇಳಿಕೆ ಬರಬೇಕಿದೆಯೇ ಅಂತಲೂ ನೋಡಿ. ಕೊಡುವುದನ್ನು ಮಾತ್ರ ಬರೆದು ಬರುವುದನ್ನು ಬಿಟ್ಟಿದ್ದರೆ ಆಡಿಟರ್‌ಗೆ ಅದು ಬೇಗ ಕಾಣುತ್ತದೆ.

ಇನ್ನು ನಿಮ್ಮ ₹50,00,000. ಅಷ್ಟು ದುಂಡಗಿನ ಮೊತ್ತ ತುಂಡುಗಳ ಲೆಕ್ಕದಿಂದ ಬರೋದು ಅಪರೂಪ. ಬಹುಶಃ ಪರ್ಚೇಸ್ ಆರ್ಡರ್ ತಿದ್ದುಪಡಿ ಬರುವ ಮೊದಲು ಅಂದಾಜಿಗೆ ಹಾಕಿರುತ್ತೀರಿ. ಈಗ ಬಿಲ್‌ವಾರು ಲೆಕ್ಕ ಮಾಡಿ. ಉದಾಹರಣೆಗೆ ₹49,36,400 ಬಂತು ಅಂತಿಟ್ಟುಕೊಳ್ಳಿ. ಉಳಿದ ₹63,600ಕ್ಕೆ ಯಾವ ಕಾಗದವೂ ಇಲ್ಲ. "ಮುನ್ನೆಚ್ಚರಿಕೆಗೆ ಇಟ್ಟಿದ್ದೇವೆ" ಅಂತ ಬರೆಯಬೇಡಿ, ಆಧಾರ ಇಲ್ಲದ ಪ್ರಾವಿಷನ್‌ಗೆ ಅದು ಕಾರಣ ಆಗುವುದಿಲ್ಲ. ಲೆಕ್ಕಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ, ಹಾಗಾಗಿ ಮಾರ್ಚ್ 31ಕ್ಕೇ ₹63,600ರ ಇನ್ನೊಂದು ಜೆವಿ ಹಾಕಿ ಇಳಿಸಿ. ಹಳೆಯ ವೋಚರನ್ನು ತೆರೆದು ಮೊತ್ತ ತಿದ್ದುವುದಕ್ಕಿಂತ ಇದೇ ಒಳ್ಳೆಯದು. ಪತ್ರದಲ್ಲಿ ಎರಡೂ ಜೆವಿ ನಂಬರ್ ಕೊಡಿ.