ಗೋಲ್ ಆದಮೇಲೆ ರೆಫರಿ ಯಾಕೆ ಕಾಯುತ್ತಾರೆ?

“ಸಂಪಾದಕರೇ, ಮಗನ ಜೊತೆ ನಿದ್ದೆಗೆಟ್ಟು ಯುರೋಪಿನ ಫುಟ್‌ಬಾಲ್ ನೋಡುತ್ತೇನೆ. ಗೋಲ್ ಆಯಿತು ಅಂತ ಕುಣಿಯುವಷ್ಟರಲ್ಲಿ ರೆಫರಿ ಕಿವಿಗೆ ಬೆರಳಿಟ್ಟು ನಿಂತುಬಿಡುತ್ತಾರೆ. ಒಮ್ಮೆ ಟಿ.ವಿ. ನೋಡಲು ಓಡುತ್ತಾರೆ, ಇನ್ನೊಮ್ಮೆ ನಿಂತಲ್ಲೇ ಗೋಲ್ ರದ್ದು ಮಾಡುತ್ತಾರೆ. ಕ್ರಿಕೆಟ್ಟಿನ ಹಾಗೆ ಯಾರೂ ರಿವ್ಯೂ ಕೇಳಿದ್ದೂ ಕಾಣೆ. ಏನಿದು ವಿಎಆರ್ ಲೆಕ್ಕ?”
— ಓದುಗರೊಬ್ಬರು, ಶಿರಸಿ

ವಿಎಆರ್ ಎಂದರೆ ವಿಡಿಯೋ ನೋಡಿ ರೆಫರಿಗೆ ನೆರವಾಗುವ ಸಹಾಯಕ ರೆಫರಿ. ಒಂದು ಹಳೆಯ ಪಂದ್ಯ ನೆನಪಿಸಿಕೊಂಡರೆ ಅವರ ಲೆಕ್ಕ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. 2019ರ ಏಪ್ರಿಲ್ 17, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಮ್ಯಾಂಚೆಸ್ಟರ್ ಸಿಟಿಯ ಮೈದಾನ. ಲಂಡನ್ನಿನಲ್ಲಿ ನಡೆದ ಮೊದಲ ಪಂದ್ಯವನ್ನು ಟಾಟೆನ್‌ಹ್ಯಾಮ್ 1-0ರಿಂದ ಗೆದ್ದಿತ್ತು. ಇಲ್ಲಿ ಸಿಟಿ 4-2ರಿಂದ ಮುಂದಿತ್ತು, ಅಷ್ಟೇ ಉಳಿದಿದ್ದರೆ ಸೆಮಿಫೈನಲ್ ಅದರದ್ದೇ.

73ನೇ ನಿಮಿಷ. ಕಾರ್ನರ್‌ನಿಂದ ಬಂದ ಚೆಂಡು ಟಾಟೆನ್‌ಹ್ಯಾಮ್‌ನ ಯೊರೆಂಟೆ ಸೊಂಟಕ್ಕೆ ಬಡಿದು ಬಲೆ ಸೇರಿತು. ಕೈಗೆ ತಾಗಿದೆ ಎಂದು ಸಿಟಿಯವರ ಗಲಾಟೆ. ರೆಫರಿ ಜುನೆಯ್ತ್ ಚಾಕರ್ ಗೆರೆಯಾಚೆಯ ಪರದೆಯ ಬಳಿ ಹೋಗಿ, ಬೇರೆ ಕೋನದಿಂದ ನೋಡಿ, ಗೋಲ್ ಕೊಟ್ಟರು. ಯಾಕೆ ತಾವೇ ಹೋಗಿ ನೋಡಿದರು? ಕೈಗೆ ತಾಗಿದ್ದು ತಪ್ಪೋ ಅಲ್ಲವೋ ಎನ್ನುವುದು ಕಂಡವರ ವಿವೇಚನೆಗೆ ಬಿಟ್ಟ ವಿಷಯ. ಫೌಲ್ ಎಷ್ಟು ಗಂಭೀರ ಎನ್ನುವುದೂ ಹಾಗೆಯೇ. ಇಂಥದ್ದನ್ನು ಪರದೆ ಕೋಣೆಯಲ್ಲಿ ಕೂತ ವಿಎಆರ್ ತೀರ್ಮಾನಿಸುವುದಿಲ್ಲ. “ಒಮ್ಮೆ ನೀವೇ ನೋಡಿ” ಎಂದು ರೆಫರಿಯ ಕಿವಿಯಲ್ಲಿ ಸೂಚಿಸುತ್ತಾರೆ, ಅಷ್ಟೆ. ಕೊನೆಯ ಮಾತು ಮೈದಾನದಲ್ಲಿರುವವರದ್ದೇ. ಪರದೆಯವರೆಗೆ ಹೋದ ರೆಫರಿ ಸಾಮಾನ್ಯವಾಗಿ ಮನಸ್ಸು ಬದಲಿಸಿಯೇ ಬರುತ್ತಾರೆ. ತಪ್ಪಾಗಿದೆ ಎನಿಸಿದಾಗಲೇ ತಾನೆ ಅವರನ್ನು ಕರೆಯುವುದು. ಚಾಕರ್ ಅವತ್ತು ಬದಲಿಸಲಿಲ್ಲ.

ಈಗ 4-3. ಎರಡೂ ಪಂದ್ಯ ಸೇರಿ 4-4, ಆದರೆ ಆಗಿನ ನಿಯಮದಂತೆ, ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲ್ ಹೊಡೆದ ಟಾಟೆನ್‌ಹ್ಯಾಮ್ ಮುಂದೆ. ಇಂಜುರಿ ಟೈಮ್‌ನಲ್ಲಿ ಸಿಟಿಯ ಸ್ಟರ್ಲಿಂಗ್ ಮತ್ತೊಂದು ಹೊಡೆದರು. ಕ್ರೀಡಾಂಗಣ ಹುಚ್ಚೆದ್ದಿತು, ಕೋಚ್ ಗ್ವಾರ್ಡಿಯೋಲಾ ಗೆರೆಯುದ್ದಕ್ಕೂ ಓಡಿದರು. ಆಮೇಲೆ ಚಾಕರ್ ಗೋಲ್ ರದ್ದು ಮಾಡಿದರು, ಈ ಸಲ ಪರದೆಯ ಹತ್ತಿರ ಸುಳಿಯದೆ.

ಸ್ಟರ್ಲಿಂಗ್ ತಪ್ಪು ಮಾಡಿರಲಿಲ್ಲ. ಟಾಟೆನ್‌ಹ್ಯಾಮ್‌ನ ಎರಿಕ್ಸನ್ ಹಿಂದಕ್ಕೆ ತಳ್ಳಿದ ಚೆಂಡು ಸಿಟಿಯ ಬರ್ನಾರ್ಡೊ ಸಿಲ್ವಾಗೆ ತಾಗಿ ಅಗ್ವೆರೊ ಕಡೆ ಹೋಗಿತ್ತು. ಆ ತಾಗಿದ ಕ್ಷಣದಲ್ಲಿ ಅಗ್ವೆರೊ ಆಫ್‌ಸೈಡ್, ಅಂದರೆ ಚೆಂಡಿಗಿಂತಲೂ ಟಾಟೆನ್‌ಹ್ಯಾಮ್‌ನ ಕೊನೆಯಿಂದ ಎರಡನೇ ಆಟಗಾರನಿಗಿಂತಲೂ ಗೋಲಿಗೆ ಹತ್ತಿರ. ಅವರು ಕೊಟ್ಟ ಪಾಸಿಗೇ ಸ್ಟರ್ಲಿಂಗ್ ಹೊಡೆದದ್ದು. ನಾವು ಗೋಲ್ ನೋಡುತ್ತೇವೆ. ವಿಎಆರ್ ಆ ದಾಳಿ ಎಲ್ಲಿ ಶುರುವಾಯಿತೋ ಅಲ್ಲಿಂದ ನೋಡುತ್ತದೆ. ಹೊತ್ತಾಗುವುದಕ್ಕೆ ಇದು ಮುಖ್ಯ ಕಾರಣ. ಇನ್ನು ಆಫ್‌ಸೈಡ್ ಸ್ಥಾನ ಅಳತೆಯ ಮಾತು, ಅಭಿಪ್ರಾಯದ್ದಲ್ಲ. ಕೋಣೆಯಿಂದ ಉತ್ತರ ಬಂದರೆ ಸಾಕು, ರೆಫರಿ ಓಡಬೇಕಿಲ್ಲ.

ಕಿವಿಗೆ ಬೆರಳಿಡುವುದರ ಅರ್ಥ “ಪರಿಶೀಲನೆ ನಡೀತಿದೆ, ತಡೀರಿ” ಎಂದು. ಆಟ ಮತ್ತೆ ಶುರುವಾದರೆ, ಕೆಲವು ಅಪವಾದ ಬಿಟ್ಟು, ಹಿಂದಿನದನ್ನು ಕೆದಕುವಂತಿಲ್ಲ. ಅದಕ್ಕೇ ಸೆಂಟರ್ ಕಿಕ್ ತಡೆಹಿಡಿಯುತ್ತಾರೆ. ನಿಜ ಹೇಳಬೇಕೆಂದರೆ ಪ್ರತಿ ಗೋಲನ್ನೂ ಹೀಗೆ ನೋಡುತ್ತಾರೆ. ಬಹುಪಾಲು ನಾವು ಕುಣಿಯುತ್ತಿರುವಾಗಲೇ ಮುಗಿದುಹೋಗಿ ಗೊತ್ತೂ ಆಗುವುದಿಲ್ಲ.

ಎಲ್ಲದಕ್ಕೂ ವಿಎಆರ್ ಬಾಯಿ ಹಾಕುವುದಿಲ್ಲ. 2018ರಲ್ಲಿ ನಿಯಮ ಪುಸ್ತಕಕ್ಕೆ ಸೇರಿದಾಗ ನಾಲ್ಕೇ ಸಂದರ್ಭ: ಗೋಲ್, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಮತ್ತು ಒಬ್ಬರ ಬದಲು ಇನ್ನೊಬ್ಬರಿಗೆ ಕಾರ್ಡ್ ಕೊಟ್ಟಿದ್ದರೆ ಅದು. ಅಲ್ಲೂ ವಿವೇಚನೆಯ ತೀರ್ಪಾದರೆ ತಪ್ಪು ಢಾಳಾಗಿ ಕಾಣಬೇಕು. “ನಾನಾಗಿದ್ದರೆ ಪೆನಾಲ್ಟಿ ಕೊಡುತ್ತಿದ್ದೆ” ಎಂದು ವಿಎಆರ್‌ಗೆ ಅನ್ನಿಸಿದರೆ ಸಾಲದು. ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿ, ಯಾಕೆಂದರೆ “ಢಾಳಾಗಿ” ಎನ್ನುವುದಕ್ಕೆ ಅಳತೆಗೋಲಿಲ್ಲ.

ಅಳತೆಗೋಲಿರುವ ಆಫ್‌ಸೈಡಿಗೂ ಮಿತಿ ಇದೆ. ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ಹಿಡಿಯುತ್ತದೆ ಎನ್ನಿ. ಸೆಕೆಂಡಿಗೆ 7 ಮೀಟರ್ ಓಡುವ ಆಟಗಾರ ಒಂದು ಚಿತ್ರದಿಂದ ಇನ್ನೊಂದಕ್ಕೆ 14 ಸೆಂಟಿಮೀಟರ್ ಸರಿದಿರುತ್ತಾನೆ. ಚೆಂಡಿಗೆ ಕಾಲು ತಾಗಿದ್ದು ಎರಡು ಚಿತ್ರಗಳ ನಡುವೆ ಆದರೆ? ಹೆಬ್ಬೆರಳಿನಷ್ಟು ಆಫ್‌ಸೈಡ್ ಎಂದು ಗೆರೆ ಎಳೆದು ತೋರಿಸಿದಾಗ ನನಗೂ ಪೂರ್ತಿ ನಂಬಿಕೆ ಬರುತ್ತಿರಲಿಲ್ಲ. 2022ರ ಕತಾರ್ ವಿಶ್ವಕಪ್‌ನಲ್ಲಿ ಇದಕ್ಕೆಂದೇ ಚೆಂಡಿನೊಳಗೆ ಸೆನ್ಸರ್ ಇಟ್ಟರು. ಅದು ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುತ್ತಿತ್ತು, ಒದ್ದ ಕ್ಷಣ ಬಹಳ ನಿಖರವಾಗಿ ಸಿಕ್ಕಿತು.

ರಿವ್ಯೂ ಕೇಳುವ ಹಕ್ಕು ಇಲ್ಲಿ ತಂಡಕ್ಕಿಲ್ಲ. ಗಾಳಿಯಲ್ಲಿ ಟಿ.ವಿ. ಚೌಕ ಬರೆಯುವ ಸನ್ನೆ ರೆಫರಿಯದ್ದು. ಅದನ್ನೇ ಆಟಗಾರ ಮಾಡಿ ಒತ್ತಾಯಿಸಿದರೆ ಹಳದಿ ಕಾರ್ಡ್, ಮಗನಿಗೂ ಹೇಳಿ.