a-t ನಕ್ಷೆಯ ವಿಸ್ತೀರ್ಣ: ಬಟವಾಡಿ ಬಸ್ಸಿನ 18 ಸೆಕೆಂಡ್

ಪ್ರಶ್ನೆ: ವೇಗೋತ್ಕರ್ಷ-ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣವೇ ವೇಗ ಅಂತ ಓದಿದೆ. ಹಾಗೆ ಮಾಡಿದರೆ ನನ್ನ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದುವುದೇ ಇಲ್ಲ. ವಿಸ್ತೀರ್ಣ ಅಂದರೆ ಚದರ ಮೀಟರ್ ಅಲ್ವಾ? ಅದು ವೇಗ ಹೇಗಾಗುತ್ತೆ?

ಉತ್ತರ:

ಮೊದಲು ಚದರ ಮೀಟರ್ ವಿಷಯ ಮುಗಿಸೋಣ. ಹೊಲದ ಉದ್ದವೂ ಮೀಟರ್, ಅಗಲವೂ ಮೀಟರ್. ಅದಕ್ಕೇ ಗುಣಿಸಿದರೆ ಚದರ ಮೀಟರ್ ಬರುತ್ತದೆ. ಈ ನಕ್ಷೆಯಲ್ಲಿ ಅಡ್ಡಕ್ಕೆ ಇರುವುದು ಸೆಕೆಂಡ್, ಮೇಲಕ್ಕೆ ಇರುವುದು ಮೀ/ಸೆ². ಎರಡನ್ನೂ ಗುಣಿಸಿದರೆ ಮೀ/ಸೆ ಉಳಿಯುತ್ತದೆ. ಗ್ರಾಫ್ ಹಾಳೆಯ ಒಂದು ಚೌಕ ಅಗಲದಲ್ಲಿ 1 ಸೆಕೆಂಡ್, ಎತ್ತರದಲ್ಲಿ 0.5 ಮೀ/ಸೆ² ಇದ್ದರೆ, ಆ ಒಂದು ಚೌಕದ ಬೆಲೆ 0.5 ಮೀ/ಸೆ. ಗೆರೆ ವಕ್ರವಾಗಿದ್ದು ಸೂತ್ರ ಸಿಗದಿದ್ದಾಗ ಸುಮ್ನೆ ಚೌಕ ಎಣಿಸಿದರೂ ಸಾಕು. ಅರ್ಧಕ್ಕಿಂತ ಜಾಸ್ತಿ ಒಳಗಿರುವ ಚೌಕವನ್ನು ಪೂರ್ತಿ ಎಣಿಸಿ, ಕಡಿಮೆ ಇದ್ದರೆ ಬಿಡಿ.

ಇನ್ನು ಉತ್ತರ ಹೊಂದದಿರುವ ವಿಷಯ. ನಾನು ತುಮಕೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಲೆಕ್ಕದಲ್ಲಿ ಎಲ್ಲರೂ ಎಡವುವುದು ಎರಡೇ ಕಡೆ. ವಿಸ್ತೀರ್ಣ ಕೊಡುವುದು ವೇಗವನ್ನಲ್ಲ, ವೇಗದಲ್ಲಿ ಆದ ಬದಲಾವಣೆಯನ್ನು. ಇದು ಒಂದು. ಅಕ್ಷದ ಕೆಳಗಿನ ವಿಸ್ತೀರ್ಣವನ್ನು ಕಳೆಯಬೇಕು. ಇದು ಇನ್ನೊಂದು. ನಾನು ತರಗತಿಯಲ್ಲಿ ಮಾಡಿಸುವ ಒಂದು ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ.

ಬಟವಾಡಿ ಕಡೆಯಿಂದ ಕ್ಯಾತ್ಸಂದ್ರದ ಕಡೆಗೆ ನೇರ ರಸ್ತೆಯಲ್ಲಿ ಒಂದು ಬಸ್ಸು ಹೋಗುತ್ತಿದೆ ಅಂದುಕೊಳ್ಳಿ. ನಾವು ಸ್ಟಾಪ್‌ವಾಚ್ ಒತ್ತುವಾಗ ಅದರ ವೇಗ 5 ಮೀ/ಸೆ, ಅಂದರೆ ಗಂಟೆಗೆ 18 ಕಿ.ಮೀ. ಡ್ರೈವರ್ ಆಕ್ಸಿಲರೇಟರ್ ಒತ್ತುತ್ತಾ ಹೋಗುತ್ತಾನೆ. ಮೊದಲ 4 ಸೆಕೆಂಡಿನಲ್ಲಿ ವೇಗೋತ್ಕರ್ಷ 0ಯಿಂದ 1 ಮೀ/ಸೆ²ಗೆ ನೇರವಾಗಿ ಏರುತ್ತದೆ. ಮುಂದಿನ 4 ಸೆಕೆಂಡ್ 1ರಲ್ಲೇ ನಿಲ್ಲುತ್ತದೆ. ಆಮೇಲಿನ 4 ಸೆಕೆಂಡಿನಲ್ಲಿ 0ಗೆ ಇಳಿಯುತ್ತದೆ. 12ನೇ ಸೆಕೆಂಡಿಗೆ ಎದುರಿಗೆ ಹಂಪ್ ಕಾಣುತ್ತದೆ, ಬ್ರೇಕ್ ಬೀಳುತ್ತದೆ. ಗೆರೆ ಅಕ್ಷದ ಕೆಳಗೆ ಹೋಗಿ 15ನೇ ಸೆಕೆಂಡಿಗೆ −2 ಮುಟ್ಟಿ, 18ನೇ ಸೆಕೆಂಡಿಗೆ ಮತ್ತೆ 0ಗೆ ಬರುತ್ತದೆ. ಹಾಳೆಯ ಮೇಲೆ ಇದನ್ನು ಒಮ್ಮೆ ಬರೆದುಕೊಂಡು ಮುಂದೆ ಓದಿ.

ಅಕ್ಷದ ಮೇಲೆ ಎರಡು ತ್ರಿಭುಜ, ಮಧ್ಯೆ ಒಂದು ಆಯತ ಇವೆ. ಕೆಳಗೆ ಒಂದು ತ್ರಿಭುಜ ಇದೆ.

```
0–4 ಸೆ   : ½ × 4 × 1 = +2
4–8 ಸೆ   : 4 × 1     = +4
8–12 ಸೆ  : ½ × 4 × 1 = +2
12–18 ಸೆ : ½ × 6 × 2 = 6, ಅಕ್ಷದ ಕೆಳಗೆ, ಹಾಗಾಗಿ −6
```

12ನೇ ಸೆಕೆಂಡಿನವರೆಗೆ ವೇಗ 8 ಮೀ/ಸೆ ಹೆಚ್ಚಿತು. ಮೊದಲೇ 5 ಇತ್ತು, ಹಾಗಾಗಿ ಆಗ ಬಸ್ಸಿನ ವೇಗ 13 ಮೀ/ಸೆ. ಬ್ರೇಕ್ ಅದರಿಂದ 6 ಕಿತ್ತುಕೊಂಡಿತು. 18ನೇ ಸೆಕೆಂಡಿಗೆ ಉಳಿದದ್ದು 7 ಮೀ/ಸೆ. ಇಡೀ 18 ಸೆಕೆಂಡಿನಲ್ಲಿ ಆದ ಬದಲಾವಣೆ ಬರೀ 2 ಮೀ/ಸೆ.

ಈಗ ತಪ್ಪು ಉತ್ತರಗಳನ್ನು ನೋಡಿ. 14 ಬಂದಿದ್ದರೆ ಕೆಳಗಿನ ತ್ರಿಭುಜವನ್ನೂ ಕೂಡಿಸಿದ್ದೀರಿ, ಮೊದಲಿನ 5 ಬಿಟ್ಟಿದ್ದೀರಿ. 19 ಬಂದಿದ್ದರೆ 5 ಸೇರಿಸಿದ್ದೀರಿ, ಆದರೆ ಚಿಹ್ನೆ ನೋಡಿಲ್ಲ. 19 ಮೀ/ಸೆ ಅಂದರೆ ಗಂಟೆಗೆ 68 ಕಿ.ಮೀ.ಗೂ ಜಾಸ್ತಿ. ಬ್ರೇಕ್ ಹಾಕಿದ ಮೇಲೆ ಬಸ್ಸು ಇನ್ನೂ ಜೋರಾಗಿ ಓಡಿತು ಅಂದಂತಾಯಿತು. ಉತ್ತರ 2 ಬಂದಿದ್ದರೆ ವಿಸ್ತೀರ್ಣ ಸರಿಯಾಗಿದೆ, ಮೊದಲಿನ ವೇಗ ಮಾತ್ರ ಸೇರಿಲ್ಲ. ನಿಮ್ಮ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ಇರುವ ವ್ಯತ್ಯಾಸ ಎಷ್ಟು ಅಂತ ನೋಡಿಕೊಳ್ಳಿ. ಅದು ಲೆಕ್ಕದಲ್ಲಿ ಕೊಟ್ಟ ಮೊದಲಿನ ವೇಗವೇ ಆಗಿದ್ದರೆ, ಅಥವಾ ಅಕ್ಷದ ಕೆಳಗಿನ ತುಂಡಿನ ಎರಡರಷ್ಟು ಆಗಿದ್ದರೆ, ಎಲ್ಲಿ ತಪ್ಪಿತು ಅಂತ ತಕ್ಷಣ ಗೊತ್ತಾಗುತ್ತದೆ.

ಈ ನಕ್ಷೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಜಾಗ 8ರಿಂದ 12ನೇ ಸೆಕೆಂಡ್. ಗೆರೆ ಇಳಿಯುತ್ತಿದೆ. ಬಸ್ಸು ನಿಧಾನವಾಗುತ್ತಿದೆ ಅಂತ ಬಹಳ ಮಕ್ಕಳು ಬರೆಯುತ್ತಾರೆ. ನಿಜಕ್ಕೂ ಬಸ್ಸಿನ ವೇಗ 8ನೇ ಸೆಕೆಂಡಿಗೆ 11, 10ನೇ ಸೆಕೆಂಡಿಗೆ 12.5, 12ನೇ ಸೆಕೆಂಡಿಗೆ 13 ಮೀ/ಸೆ. ಏರುತ್ತಲೇ ಇದೆ! ನಲ್ಲಿ ಕೆಳಗೆ ಡ್ರಮ್ ಇಟ್ಟಿದ್ದೀರಿ ಅನ್ನಿ. ನಲ್ಲಿಯಲ್ಲಿ ಬರುವ ನೀರು ಸಣ್ಣದಾದ ಮಾತ್ರಕ್ಕೆ ಡ್ರಮ್ಮಿನ ನೀರು ಇಳಿಯುವುದಿಲ್ಲ, ನಿಧಾನವಾಗಿ ಏರುತ್ತದೆ ಅಷ್ಟೇ. ವೇಗೋತ್ಕರ್ಷ ಆ ನಲ್ಲಿಯ ಹಾಗೆ, ವೇಗ ಡ್ರಮ್ಮಿನ ನೀರಿನ ಹಾಗೆ. ಗೆರೆ ಅಕ್ಷದ ಕೆಳಗೆ ಇಳಿಯುವುದೆಂದರೆ ಡ್ರಮ್ಮಿನಿಂದ ನೀರು ತೋಡಲು ಶುರು ಮಾಡಿದಂತೆ. ಹಾಗಾಗಿ ಈ ಬಸ್ಸಿನ ಅತಿ ಹೆಚ್ಚು ವೇಗ ಇರುವುದು ಗೆರೆ ಅತಿ ಎತ್ತರದಲ್ಲಿರುವಾಗ ಅಲ್ಲ. ಗೆರೆ ಮೇಲಿನಿಂದ ಬಂದು ಅಕ್ಷವನ್ನು ದಾಟುವ 12ನೇ ಸೆಕೆಂಡಿನಲ್ಲಿ. ಡ್ರಮ್ಮಿನಲ್ಲಿ ಮೊದಲೇ ಎಷ್ಟು ನೀರಿತ್ತು ಅಂತ ನಲ್ಲಿ ನೋಡಿ ಹೇಳಲು ಆಗುವುದಿಲ್ಲ. ಮೊದಲಿನ ವೇಗವನ್ನು ಲೆಕ್ಕದಲ್ಲಿ ಬೇರೆಯಾಗಿ ಕೊಡುವುದೂ ಅದಕ್ಕೇ.

ನಿಮ್ಮ ಹತ್ತಿರ ಸ್ಮಾರ್ಟ್‌ಫೋನ್ ಇದ್ದರೆ ಇದನ್ನು ನಿಜವಾಗಿ ಅಳೆದು ನೋಡಬಹುದು. phyphox ಅನ್ನುವ ಉಚಿತ ಆ್ಯಪ್‌ನಲ್ಲಿ Acceleration (without g) ಎಂಬ ಪ್ರಯೋಗ ಇದೆ. ತುಮಕೂರಿನಲ್ಲಿ ರೈಲು ಹತ್ತಿ, ಫೋನಿನ ಉದ್ದ ರೈಲು ಹೋಗುವ ದಿಕ್ಕಿಗೆ ಬರುವಂತೆ ಅಲುಗಾಡದ ಕಡೆ ಇಡಿ. ಕ್ಯಾತ್ಸಂದ್ರದಲ್ಲಿ ರೈಲು ನಿಲ್ಲುವವರೆಗೆ y ದಿಕ್ಕಿನ ಬೆಲೆಗಳನ್ನು ದಾಖಲಿಸಿ. ನಿಂತು ಹೊರಟು ನಿಂತೇ ಮುಗಿದ ಪ್ರಯಾಣ ಇದು. ಹಾಗಾದರೆ ಮೇಲಿನ ವಿಸ್ತೀರ್ಣ ಕೆಳಗಿನ ವಿಸ್ತೀರ್ಣದಿಂದ ಪೂರ್ತಿ ವಜಾ ಆಗಿ ಸೊನ್ನೆ ಬರಬೇಕು, ಅಲ್ವಾ?

ಬರುವುದಿಲ್ಲ. ಯಾಕೆ ಅಂದರೆ ಫೋನ್ ನಿಂತಿದ್ದಾಗಲೂ ಸೆನ್ಸರ್ ಸರಿಯಾಗಿ 0 ತೋರಿಸುವುದಿಲ್ಲ. 0.02 ಮೀ/ಸೆ² ಅಷ್ಟು ತಪ್ಪು ಇದೆ ಅಂದುಕೊಳ್ಳಿ. ನಕ್ಷೆಯಲ್ಲಿ ಅದು ಕಣ್ಣಿಗೂ ಕಾಣುವುದಿಲ್ಲ. ಆದರೆ 300 ಸೆಕೆಂಡ್ ಉದ್ದಕ್ಕೂ ಅದು ಒಂದು ತೆಳ್ಳನೆಯ ಪಟ್ಟಿಯಾಗಿ ಸೇರುತ್ತಾ ಹೋಗುತ್ತದೆ. 0.02 × 300 ಅಂದರೆ 6 ಮೀ/ಸೆ. ನಿಂತ ರೈಲು ಗಂಟೆಗೆ 21.6 ಕಿ.ಮೀ. ವೇಗದಲ್ಲಿ ಓಡುತ್ತಿದೆ ಅಂತ ನಿಮ್ಮ ಲೆಕ್ಕ ಹೇಳುತ್ತದೆ. ವಿಸ್ತೀರ್ಣ ಕೂಡಿಸುವ ಕೆಲಸವೇ ಹಾಗೆ. ಮೇಲೆ ಕೆಳಗೆ ಕುಣಿಯುವ ನಡುಕವನ್ನು ಅದು ಬಹುಮಟ್ಟಿಗೆ ಅಳಿಸಿಬಿಡುತ್ತದೆ, ಒಂದೇ ಕಡೆಗೆ ಇರುವ ಸಣ್ಣ ತಪ್ಪನ್ನು ಮಾತ್ರ ಬೆಳೆಸುತ್ತದೆ.

ಇದಕ್ಕೆ ದಾರಿ ಇದೆ. ರೈಲು ಹೊರಡುವ ಮೊದಲೇ ದಾಖಲೆ ಶುರು ಮಾಡಿ, ಸುಮಾರು 20 ಸೆಕೆಂಡ್ ನಿಂತ ಸ್ಥಿತಿಯ ಬೆಲೆಗಳನ್ನು ತೆಗೆದುಕೊಳ್ಳಿ. ಅವುಗಳ ಸರಾಸರಿಯನ್ನು ಮುಂದಿನ ಎಲ್ಲಾ ಬೆಲೆಗಳಿಂದ ಕಳೆದು, ಆಮೇಲೆ ವಿಸ್ತೀರ್ಣ ತೆಗೆಯಿರಿ. ದಾರಿಯಲ್ಲಿ ಫೋನ್ ಮುಟ್ಟಬೇಡಿ. ಅದು 1 ಡಿಗ್ರಿ ವಾಲಿದರೂ ಗುರುತ್ವದ ಸುಮಾರು 0.17 ಮೀ/ಸೆ² ಪಾಲು y ದಿಕ್ಕಿಗೆ ಬಂದು ಬೀಳುತ್ತದೆ. ಅದನ್ನು ಕಳೆಯುವ ಕೆಲಸವನ್ನು ಆ್ಯಪ್ ಪೂರ್ತಿ ಸರಿಯಾಗಿ ಮಾಡುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಕೊನೆಯಲ್ಲಿ ಒಂದಿಷ್ಟು ಮೀ/ಸೆ ಉಳಿಯುತ್ತದೆ. ಮೊದಲ ಸಲಕ್ಕೆ ಇಡೀ ಪ್ರಯಾಣ ಬೇಡ, ರೈಲು ಹೊರಟ ಮೊದಲ 30 ಸೆಕೆಂಡಿನ ವೇಗವನ್ನಷ್ಟೇ ತೆಗೆದು, ಫೋನಿನ ಜಿಪಿಎಸ್ ತೋರಿಸುವ ವೇಗದ ಜೊತೆ ಹೋಲಿಸಿ ನೋಡಿ.