ಸೀಲಿಂಗ್ ಬಿರುಕಿಗೆ ಪುಟ್ಟಿ ಮದ್ದಲ್ಲ

ಪ್ರಶ್ನೆ: ನಮ್ಮ ಹಾಲ್ 12 ಅಡಿಗೆ 16 ಅಡಿ. ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಹಾಕಿಸಿ ಒಂದೂವರೆ ವರ್ಷವಾಯಿತು. 16 ಅಡಿ ಉದ್ದಕ್ಕೂ ಎರಡು ಬಿರುಕು, ನೂಲು ಹಿಡಿದು ಗೆರೆ ಎಳೆದ ಹಾಗೆ. ಒಂದೊಂದು ಗೋಡೆಯಿಂದ ನಾಲ್ಕು ಅಡಿಗೆ ಒಂದೊಂದು. ಮೂರು ಸಲ ಪಿಒಪಿ ತುಂಬಿಸಿ ಬಣ್ಣ ಹೊಡೆಸಿದೆವು, ಮತ್ತೆ ಅಲ್ಲೇ ಬಿಡುತ್ತದೆ. ಮನೆ ಕೂರುವವರೆಗೂ ಇದು ಸಹಜ ಅನ್ನುತ್ತಾರೆ ಮೇಸ್ತ್ರಿ. ಬೋರ್ಡೇ ಕಳಪೆಯೇ?

ಉತ್ತರ: ಬೋರ್ಡ್ ಪಾಪ, ಅದರ ತಪ್ಪೇನೂ ಇಲ್ಲ. ಮನೆಯೂ ಎಲ್ಲೂ ಕೂರುತ್ತಿಲ್ಲ. ಮನೆ ಕೂತರೆ ಬಿರುಕು ಓರೆಯಾಗಿ, ಮೂಲೆಯಿಂದ, ಅಂಕುಡೊಂಕಾಗಿ ಓಡುತ್ತದೆ. ಅಳತೆ ಪಟ್ಟಿ ಹಿಡಿದು ಸರಿಯಾಗಿ ನಾಲ್ಕನೇ ಅಡಿಗೆ ಬರುವುದಿಲ್ಲ. ನಾಲ್ಕು ಅಡಿ ಅಂದರೆ ಬೋರ್ಡಿನ ಅಗಲ. ಬಿರುಕು ಬಿಟ್ಟಿರುವುದು ಬೋರ್ಡಲ್ಲ, ಎರಡು ಬೋರ್ಡುಗಳ ಸಂದಿ. ಇದೇ ಪ್ರಶ್ನೆ ಅಡಿ, ಇಂಚು ಮಾತ್ರ ಬದಲಾಗಿ ನನಗೆ ಬರುತ್ತಲೇ ಇರುತ್ತದೆ. ಎಲ್ಲರೂ ಯಾವ ಪುಟ್ಟಿ ತುಂಬಲಿ ಅಂತಲೇ ಕೇಳುತ್ತಾರೆ. ಆ ಸಂದಿಯ ಮೇಲ್ಗಡೆ ಏನಿದೆ ಅಂತ ಒಬ್ಬರೂ ಕೇಳುವುದಿಲ್ಲ.

ಏನಿದೆ ಅಂತ ಸೀಲಿಂಗ್ ಬಿಚ್ಚದೆಯೇ ನೋಡಬಹುದು. ಒಂದು ಗಟ್ಟಿ ಅಯಸ್ಕಾಂತ ತನ್ನಿ, ತೆಳು ಬಟ್ಟೆಯಲ್ಲಿ ಸುತ್ತಿ, ಏಣಿ ಹತ್ತಿ ಸೀಲಿಂಗಿಗೆ ತಾಗಿಸಿ ಮೆಲ್ಲಗೆ ಜಾರಿಸುತ್ತಾ ಹೋಗಿ. ಪುಟ್ಟಿ, ಬಣ್ಣ ಎಷ್ಟೇ ಬಳಿದಿರಲಿ, ಸ್ಕ್ರೂ ಇದ್ದ ಕಡೆ ಅದು ಹಿಡಿದುಕೊಳ್ಳುತ್ತದೆ. ಅಲ್ಲಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಹತ್ತು ನಿಮಿಷದಲ್ಲಿ ಸ್ಕ್ರೂಗಳ ಸಾಲು ಕಾಣುತ್ತದೆ. ಆ ಸಾಲಿನ ಮೇಲೆಯೇ ಸೀಲಿಂಗ್ ಸೆಕ್ಷನ್, ಅಂದರೆ ಬೋರ್ಡ್ ಹೊತ್ತ ಚಾನೆಲ್, ಓಡಿರುತ್ತದೆ.

ನೀವು ಬರೆದ ಅಳತೆ ನೋಡಿದರೆ ನಿಮಗೆ ಏನು ಸಿಗುತ್ತದೆ ಅಂತ ಇಲ್ಲಿಂದಲೇ ಹೇಳಬಲ್ಲೆ. ಸೆಕ್ಷನ್‌ಗಳನ್ನು ಒಂದೂವರೆ ಅಡಿಗೆ, ಅಂದರೆ 18 ಇಂಚಿಗೆ ಒಂದರಂತೆ ಕಟ್ಟುವುದು ರೂಢಿ. ನಿಮ್ಮಲ್ಲಿ ಅವು 16 ಅಡಿ ಉದ್ದಕ್ಕೆ ಓಡಿವೆ, ಬೋರ್ಡುಗಳನ್ನೂ ಅದೇ ದಿಕ್ಕಿಗೆ ಉದ್ದುದ್ದ ಹಾಕಿದ್ದಾರೆ. ಈಗ ಗೋಡೆಯಿಂದ ಎಣಿಸಿ: 18, 36, 54, 72, 90, 108, 126. ಮೊದಲ ಬೋರ್ಡ್ ಮುಗಿಯುವುದು 48ನೇ ಇಂಚಿಗೆ. ಅಲ್ಲಿ ಸೆಕ್ಷನ್ ಇಲ್ಲ. ಎರಡನೆಯದು ಮುಗಿಯುವುದು 96ಕ್ಕೆ. ಅಲ್ಲೂ ಇಲ್ಲ. ಮೊದಲ ಬೋರ್ಡಿಗೆ ಕೊನೆಯ ಆಸರೆ 36ರಲ್ಲಿ, ಅಂದರೆ ಅದರ ಅಂಚು ಪೂರಾ 12 ಇಂಚು ಗಾಳಿಯಲ್ಲಿ ತೂಗುತ್ತಿದೆ. ಪಕ್ಕದ ಬೋರ್ಡಿಗೆ ಮೊದಲ ಆಸರೆ 54ರಲ್ಲಿ, ಅದರ ಅಂಚು ತೂಗುತ್ತಿರುವುದು 6 ಇಂಚು. ಒಂದೇ ಸಂದಿಯ ಒಂದು ದಡ ಹೆಚ್ಚು ಬಾಗುತ್ತದೆ, ಇನ್ನೊಂದು ದಡ ಕಡಿಮೆ. ಬಾಗಿಲು ಧಡ್ ಅಂತ ಮುಚ್ಚಿದರೆ, ಫ್ಯಾನ್ ಜೋರಾಗಿ ತಿರುಗಿದರೆ ಎರಡೂ ಬೇರೆ ಬೇರೆ ತಾಳಕ್ಕೆ ಅಲ್ಲಾಡುತ್ತವೆ. ನಡುವೆ ತುಂಬಿದ ಪಿಒಪಿ ಏನು ಮಾಡೀತು? ಒಣಗಿದ ಮೇಲೆ ಅದಕ್ಕೆ ಬಾಗುವ ಗುಣವೇ ಇಲ್ಲ, ಬಿರಿಯುತ್ತದೆ.

ಖಾತ್ರಿ ಬೇಕಿದ್ದರೆ ಬಿರುಕಿನ ಒಂದು ಪಕ್ಕ ಅಂಗೈ ಇಟ್ಟು ಮೇಲಕ್ಕೆ ಒತ್ತಿ. ಒಂದು ಅಂಚು ಎದ್ದು ಇನ್ನೊಂದು ಅಲ್ಲೇ ನಿಂತರೆ ದೋಷ ಚೌಕಟ್ಟಿನದು. ಎರಡೂ ಕದಲದೆ ಗಟ್ಟಿಯಾಗಿದ್ದು, ಅಯಸ್ಕಾಂತಕ್ಕೆ ಸಂದಿಯ ಎರಡೂ ಪಕ್ಕ ಸ್ಕ್ರೂ ಸಿಕ್ಕರೆ ಮಾತ್ರ ಬರೀ ಸಂದಿ ಕೆಲಸದ ದೋಷ. ಆಗ ಕೆರೆದು ಮತ್ತೆ ಟೇಪ್ ಹಾಕಿದರೆ ಸಾಕು.

ಮೊದಲೇ ಸರಿಯಾಗಿ ಮಾಡಿದ್ದರೆ ಸೆಕ್ಷನ್‌ಗಳು 12 ಅಡಿ ಕಡೆಗೆ, ಬೋರ್ಡಿನ ಉದ್ದ ಅವಕ್ಕೆ ಅಡ್ಡಲಾಗಿ 16 ಅಡಿ ಕಡೆಗೆ ಓಡಬೇಕಿತ್ತು. ಆರಡಿ ಬೋರ್ಡ್ 72 ಇಂಚು, 18ರ ನಾಲ್ಕು ಪಟ್ಟು. ತುದಿ ನೇರ ಸೆಕ್ಷನ್ ಮೇಲೆ ಬಂದು ಕೂರುತ್ತದೆ. ಉದ್ದದ ಅಂಚು ಪ್ರತಿ 18 ಇಂಚಿಗೊಮ್ಮೆ ಒಂದು ಸೆಕ್ಷನ್ ದಾಟುತ್ತದೆ, ದಾಟಿದಲ್ಲೆಲ್ಲ ಎರಡೂ ಬೋರ್ಡಿಗೆ ಸ್ಕ್ರೂ ಬೀಳುತ್ತದೆ. ಬೋರ್ಡಿನ ಬಲವೂ ಉದ್ದಕ್ಕೇ ಹೆಚ್ಚು, ಅದರ ಕಾಗದದ ಎಳೆ ಓಡುವುದೇ ಆ ಕಡೆಗೆ. ಎರಡನೇ ಸಾಲನ್ನು ಮೂರಡಿ ತುಂಡಿನಿಂದ ಶುರು ಮಾಡಿದರೆ ತುದಿಗಳು ಇಟ್ಟಿಗೆ ಗೋಡೆಯ ಹಾಗೆ ಒಂದಕ್ಕೊಂದು ತಪ್ಪುತ್ತವೆ. ಇದಕ್ಕೆ ಹೆಚ್ಚು ಸಾಮಾನೇನೂ ಬೇಡ, ಚಾನೆಲ್ ಕಟ್ಟುವ ಮೊದಲು ಯೋಚನೆ ಬೇಕು.

ಈಗ ರಿಪೇರಿ. ನಡುವಿನ ಸಾಲಿನ ಬೋರ್ಡುಗಳನ್ನು ಕೆಳಗಿಳಿಸಿ. ಕತ್ತರಿಸಿ ತೆಗೆಯಿರಿ, ಉಳಿಸಿಕೊಳ್ಳುವ ಆಸೆ ಬೇಡ. ಅದೊಂದೇ ಸಾಲು ತೆಗೆದರೆ ಎರಡೂ ಸಂದಿಗೆ ಕೈ ಸಿಗುತ್ತದೆ. 48ಕ್ಕೂ 96ಕ್ಕೂ ಒಂದೊಂದು ಹೊಸ ಸೀಲಿಂಗ್ ಸೆಕ್ಷನ್ ಓಡಿಸಿ, ಸೆಕ್ಷನ್‌ಗಳನ್ನು ಹೊತ್ತು ಅವುಗಳ ಮೇಲೆ ಅಡ್ಡಲಾಗಿ ಓಡುವ ಇಂಟರ್‌ಮೀಡಿಯೇಟ್ ಚಾನೆಲ್‌ಗಳಿಗೆ ಪ್ರತಿ ಕೂಡುವಲ್ಲೂ ಕನೆಕ್ಟಿಂಗ್ ಕ್ಲಿಪ್ ಹಾಕಿ. ಸೆಕ್ಷನ್‌ನ ಮುಖ ಎರಡು ಇಂಚು. ಸಂದಿ ಅದರ ನಟ್ಟನಡುವೆ ಬರಬೇಕು, ಆಗ ಎರಡೂ ಬೋರ್ಡಿಗೆ ಒಂದೊಂದು ಇಂಚು ಸಿಗುತ್ತದೆ. ನೂಲು ಹಿಡಿಯದೆ ಕಣ್ಣಂದಾಜಿನಲ್ಲಿ ಕಟ್ಟಿದರೆ ಒಂದು ಬೋರ್ಡಿನ ಸ್ಕ್ರೂ ತಗಡಿನ ಅಂಚು ಕಚ್ಚಿ ಸುಮ್ಮನೆ ತಿರುಗುತ್ತದೆ. ಹೇಗೂ ತೆರೆದಿದ್ದೀರಿ, ಚೌಕಟ್ಟನ್ನು ಸ್ಲ್ಯಾಬಿಗೆ ತೂಗುಹಾಕುವ ಹ್ಯಾಂಗರ್‌ಗಳನ್ನೂ ನೋಡಿಕೊಳ್ಳಿ. ಇಂಟರ್‌ಮೀಡಿಯೇಟ್ ಚಾನೆಲ್ ನಾಲ್ಕು ಅಡಿಗೊಂದು, ಅದರ ಮೇಲೆ ಹ್ಯಾಂಗರ್ ಕೂಡ ನಾಲ್ಕು ಅಡಿಗೊಂದು ಇರಬೇಕು, ಸ್ಲ್ಯಾಬಿಗೆ ಲೋಹದ ಫಾಸ್ಟನರ್‌ನಿಂದ ಕಚ್ಚಿರಬೇಕು. ಇಂಥದ್ದೇ ಬಿರುಕಿಗೆ ಒಮ್ಮೆ ಒಂದು ಕೋಣೆ ಬಿಚ್ಚಿಸಿದಾಗ ಅರ್ಧ ಹ್ಯಾಂಗರ್‌ಗಳ ಜಾಗದಲ್ಲಿ ಕಟ್ಟುವ ತಂತಿ ಇತ್ತು, ಸ್ಲ್ಯಾಬಿನಲ್ಲಿ ಮರದ ಬೆಣೆ ಇತ್ತು. ಅಂದಿನಿಂದ ಮೇಲ್ಗಡೆ ಕಣ್ಣಾರೆ ನೋಡದ ಸೀಲಿಂಗಿಗೆ ನಾನು ಸರ್ಟಿಫಿಕೇಟ್ ಕೊಡುವುದಿಲ್ಲ.

ಪಕ್ಕದ ಹಳೇ ಬೋರ್ಡುಗಳ ತೂಗುವ ಅಂಚನ್ನು ಮೇಲಕ್ಕೊತ್ತಿ ಹೊಸ ಸೆಕ್ಷನ್‌ಗೆ ಸ್ಕ್ರೂ ಹಾಕಿ, ಆಮೇಲೆ ನಡುವೆ ಹೊಸ ಬೋರ್ಡ್ ಏರಿಸಿ.

ಉಳಿದದ್ದು ಸಂದಿ. ಬೋರ್ಡಿನ ಉದ್ದದ ಅಂಚು ಸ್ವಲ್ಪ ತೆಳುವಾಗಿ ಇಳಿದಿರುತ್ತದೆ. ಎರಡು ಅಂಚು ಕೂಡಿದಾಗ ಆಳವಿಲ್ಲದ ಹಳ್ಳವಾಗುತ್ತದೆ, ಟೇಪ್ ಅಡಗಿ ಕೂರಲು ಮಾಡಿದ ಜಾಗ ಅದು. ಹಳೇ ಅಂಚಿನ ಪಿಒಪಿಯನ್ನು ಕಾಗದ ಕೀಳದಂತೆ ಕೆರೆದು, ಧೂಳು ಒರೆಸಿ. ಎಲ್ಲಾದರೂ ಕಾಗದ ಕಿತ್ತಿದ್ದರೆ ಪ್ರೈಮರ್ ಹಚ್ಚಿ ಒಣಗಿಸಿ. ಹಳ್ಳದ ತುಂಬ ಜಾಯಿಂಟಿಂಗ್ ಕಾಂಪೌಂಡ್ ಎಳೆಯಿರಿ, ಅದು ಹಸಿ ಇರುವಾಗಲೇ ಪೇಪರ್ ಟೇಪನ್ನು ಸಂದಿಯ ನೇರಕ್ಕೆ ಇಟ್ಟು ಆರಿಂಚಿನ ಬ್ಲೇಡಿನಿಂದ ಒತ್ತುತ್ತಾ ಹೋಗಿ. ಹೆಚ್ಚಾದದ್ದು ಪಕ್ಕಕ್ಕೆ ಹೊರಬರಲಿ, ಆದರೆ ಟೇಪಿನಡಿ ತೆಳು ಪದರ ಉಳಿಯಲೇಬೇಕು. ಪೂರ್ತಿ ಹಿಂಡಿ ತೆಗೆದರೆ ಟೇಪ್ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ. ಅದೇ ಕಾಂಪೌಂಡನ್ನು ಟೇಪಿನ ಮೇಲೂ ತೆಳ್ಳಗೆ ಎಳೆದು ಒಂದು ದಿನ ಬಿಡಿ. ಮರುದಿನ ಇನ್ನೊಂದು ಕೋಟ್, ಸ್ವಲ್ಪ ಅಗಲ. ಅದು ಪೂರ್ತಿ ಒಣಗಿದ ಮೇಲೆ ಮೂರನೆಯದು, ಸುಮಾರು ಒಂದಡಿ ಅಗಲಕ್ಕೆ, ಅಂಚು ಇಲ್ಲವೆಂಬಷ್ಟು ತೆಳುವಾಗಿ. ಆಮೇಲೆ ಉಜ್ಜುವುದು. "ಸಂಜೆಗೆಲ್ಲ ಮುಗಿಸಿ ಕೊಡ್ತೀನಿ" ಅನ್ನುವವರಿಗೆ ಈ ಕೆಲಸ ಕೊಡಬೇಡಿ.

ಕತ್ತರಿಸಿದ ತುದಿಗೆ ಆ ಹಳ್ಳ ಇರುವುದಿಲ್ಲ. ಅಲ್ಲಿ ಎರಡೂ ಅಂಚನ್ನು ಚಾಕುವಿನಿಂದ ಓರೆಯಾಗಿ ಕೆತ್ತಿ, ಪ್ರೈಮರ್ ಹಚ್ಚಿ, ಕಾಂಪೌಂಡನ್ನು ಎರಡಡಿ ಅಗಲಕ್ಕೆ ಹರಡಬೇಕು. ಇಲ್ಲದಿದ್ದರೆ ಸಂಜೆ ದೀಪ ಹಾಕಿದಾಗ ಆ ಉಬ್ಬು ಕಣ್ಣಿಗೆ ಹೊಡೆಯುತ್ತದೆ.

ಪ್ರಶ್ನೆ: ನಾಲ್ಕಡಿ-ಆರಡಿ ಬೋರ್ಡಿಗೆ 20 ಸ್ಕ್ರೂ ಸಾಕು ಅಂತ ನಮ್ಮ ಕಂಟ್ರಾಕ್ಟರ್. ನಿಜವೇ?

ಉತ್ತರ: ಎಣಿಸಿ. 18 ಇಂಚಿನ ಲೆಕ್ಕದಲ್ಲಿ ಒಂದು ಬೋರ್ಡಿನ ಮೇಲ್ಗಡೆ ಐದು ಸೆಕ್ಷನ್ ಬರುತ್ತವೆ. ನಡುವಿನ ಮೂರರಲ್ಲಿ ಸ್ಕ್ರೂ 9 ಇಂಚಿಗಿಂತ, ಅಂದರೆ 230 ಮಿ.ಮೀ.ಗಿಂತ ದೂರ ಇರಬಾರದು. ನಾಲ್ಕಡಿಗೆ ಏಳು ಬೇಕಾಗುತ್ತದೆ, ಒಟ್ಟು 21. ಎರಡು ತುದಿಯಲ್ಲಿ 6 ಇಂಚಿಗೊಂದು, ಒಂಬತ್ತೊಂಬತ್ತು, ಅಲ್ಲಿಗೆ 18. ಕೂಡಿದರೆ 39. ನಿಮ್ಮ ಕಂಟ್ರಾಕ್ಟರ್ ಅರ್ಧ ಸ್ಕ್ರೂ ಜೇಬಿಗೆ ಹಾಕಿಕೊಳ್ಳುತ್ತಿದ್ದಾರೆ.

ಲೆಕ್ಕ ಸರಿಯಿದ್ದೂ ಕೆಲಸ ಕೆಡುವುದುಂಟು. ಬೋರ್ಡಿನ ಗಟ್ಟಿತನ ಇರುವುದು ಮೇಲಿನ ಕಾಗದದಲ್ಲಿ, ಒಳಗಿನದು ಸೀಮೆಸುಣ್ಣದ ಹಾಗೆ ಉದುರುತ್ತದೆ. ಸ್ಕ್ರೂ ತಲೆ ಕಾಗದವನ್ನು ಕೂದಲೆಳೆಯಷ್ಟು ತಗ್ಗಿಸಿ ನಿಲ್ಲಬೇಕು. ಕಾಗದ ಹರಿದು ಒಳಗೆ ಹೋಯಿತೋ, ಆ ಸ್ಕ್ರೂ ಲೆಕ್ಕಕ್ಕಿಲ್ಲ. ಎರಡಿಂಚು ಆಚೆ ಇನ್ನೊಂದು ಹಾಕಿ. ಮಾಮೂಲಿ ಡ್ರಿಲ್ ಹಿಡಿದು ಗಿರ್‍ರನೆ ಏರಿಸುವವರ ಕೈಯಲ್ಲಿ ಮೂರಕ್ಕೊಂದು ಹೀಗೇ ಆಗುವುದನ್ನು ನೋಡಿದ್ದೇನೆ. ಆಳ ನಿಲ್ಲಿಸುವ ಸ್ಕ್ರೂ ಗನ್ ಬೇಕು. ಬೋರ್ಡಿನ ನಡುವಿನಿಂದ ಅಂಚಿನ ಕಡೆಗೆ ಹಾಕುತ್ತಾ ಬನ್ನಿ, ಒಬ್ಬರು ಬೋರ್ಡನ್ನು ಸೆಕ್ಷನ್‌ಗೆ ಒತ್ತಿ ಹಿಡಿದಿರಲಿ. ನಾಲ್ಕು ಮೂಲೆ ಮೊದಲು ಬಿಗಿದರೆ ನಡು ಹೊಟ್ಟೆ ಬಿಡುತ್ತದೆ, ಮುಂದೆ ಅದೇ ಸ್ಕ್ರೂಗಳ ಮೇಲಿನ ಪುಟ್ಟಿ ನಾಣ್ಯದಷ್ಟಗಲ ಕಳಚಿ ಬೀಳುತ್ತದೆ. ಹನ್ನೆರಡೂವರೆ ಮಿ.ಮೀ. ಬೋರ್ಡಿಗೆ 25 ಮಿ.ಮೀ. ಸ್ಕ್ರೂ. ಅಂಚಿನಿಂದ ಅರ್ಧ ಇಂಚು ಒಳಗೆ.

ಪ್ರಶ್ನೆ: ಪೇಪರ್ ಟೇಪ್ ಬದಲು ಅಂಟಿರುವ ಜಾಳಿಗೆ ಟೇಪ್ ಹಾಕಬಹುದೇ? ಬೇಗ ಆಗುತ್ತದೆ.

ಉತ್ತರ: ತಾನಾಗಿ ಗಟ್ಟಿಯಾಗುವ ಪುಡಿ ಕಾಂಪೌಂಡ್ ಜೊತೆಗಾದರೆ ಹಾಕಿ. ಡಬ್ಬದ ಹಸಿ ಕಾಂಪೌಂಡ್ ಜೊತೆ ಬೇಡ. ನನ್ನ ಮನೆಗೆ ನಾನು ಪೇಪರ್ ಟೇಪೇ ಹಾಕಿಸಿದ್ದು.

ಪ್ರಶ್ನೆ: ಗೋಡೆ ಮತ್ತು ಸೀಲಿಂಗ್ ಕೂಡುವಲ್ಲಿ ಕೂದಲೆಳೆ ಬಿರುಕು ಬಂದಿದೆ.

ಉತ್ತರ: ಎರಡೂ ಬೇರೆ ಬೇರೆ ಅಲ್ಲಾಡುತ್ತವೆ. ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲಂಟ್ ಎಳೆಯಿರಿ, ಪುಟ್ಟಿ ಅಲ್ಲ.

ಪ್ರಶ್ನೆ: ಹಸಿರು ಬೋರ್ಡ್ ಹಾಕಿದರೆ ಮೇಲಿನ ಬಾತ್‌ರೂಮ್ ಸೋರಿಕೆ ತಡೆಯುತ್ತದೆಯೇ?

ಉತ್ತರ: ಅದು ತಾಳುವುದು ಹಬೆಯನ್ನು, ಸೋರುವ ನೀರನ್ನಲ್ಲ. ಮೊದಲು ಪ್ಲಂಬರ್ ಕರೆಸಿ.

ಪ್ರಶ್ನೆ: ಸೀಲಿಂಗ್ ಚಾನೆಲ್‌ಗೇ ಫ್ಯಾನ್ ತೂಗುಹಾಕಬಹುದೇ?

ಉತ್ತರ: ಬೇಡ. ಸ್ಲ್ಯಾಬಿಗೆ.